ಬಣ್ಣದ ಪ್ರೋಟೀನ್ ಲ್ಯಾಡರ್: 3 ವರ್ಷ ಬಳಸಿದ ಮೇಲೆ ಬರೀತಿದ್ದೇನೆ

ಮಣಿಪಾಲದ ಒಂದು ಸಣ್ಣ ಲ್ಯಾಬಲ್ಲಿ ನನ್ನ ಕೆಲಸ, ಈ ಪ್ರೀಸ್ಟೇನ್ಡ್ ಲ್ಯಾಡರನ್ನು 3 ವರ್ಷದಿಂದ ವಾರಕ್ಕೆ ಎರಡು ಜೆಲ್ಲಿಗಾದ್ರೂ ಹಾಕ್ತಾ ಇದ್ದೇನೆ. ಲೇನಿಗೆ 5 ಮೈಕ್ರೋಲೀಟರ್ ಸಾಕು, ಕುದಿಸುದು ಬೇಡ, ಜೆಲ್ ಓಡ್ತಾ ಇರುವಾಗ್ಲೇ ಬ್ಯಾಂಡ್ ಬಿಡಿಬಿಡಿ ಆಗುದು ಕಾಣ್ತದೆ, ವೆಸ್ಟರ್ನ್ ಮಾಡುವವರಿಗೆ ಟ್ರಾನ್ಸ್‌ಫರ್ ಆಯ್ತಾ ಇಲ್ವಾ ಅಂತ ಮೆಂಬ್ರೇನ್ ನೋಡಿದ್ರೇ ಗೊತ್ತಾಗ್ತದೆ. ಅಷ್ಟಕ್ಕೆ ಬಹಳ ಚಂದ ಉಂಟು.

ಆದ್ರೆ ತೂಕ ಹೇಳ್ಲಿಕ್ಕೆ ಇದೊಂದನ್ನೇ ನಂಬಬೇಡಿ. ಕಳೆದ ವರ್ಷ ನಮ್ಮ ಒಬ್ಬಳು ಸ್ಟೂಡೆಂಟ್ ಮೊಲದ ಸ್ನಾಯುವಿನ ಜಿಎಪಿಡಿಎಚ್ ಹಾಕಿದ್ದಳು, ಬರಬೇಕಾದ್ದು 36 ಕಿಲೋಡಾಲ್ಟನ್ ಹತ್ತಿರ, ಲ್ಯಾಡರ್ ಚಾರ್ಟ್ ಹಿಡಿದು ನೋಡಿದ್ರೆ 41. "ಸರ್ ಸ್ಯಾಂಪಲ್ಲೇ ತಪ್ಪಾ" ಅಂತ ಕೇಳಿದ್ಳು, ಪಾಪ ಎರಡು ದಿನ ಅದರಲ್ಲೇ ಹೋಯ್ತು. ಮತ್ತೆ ಪಕ್ಕದ ಲೇನಿಗೆ ಬಣ್ಣ ಇಲ್ಲದ ಮಾರ್ಕರ್ ಹಾಕಿ 12% ಜೆಲ್ ಓಡಿಸಿದೆವು. ಡೈ ಫ್ರಂಟ್ 60 ಮಿಲಿಮೀಟರ್‌ಗೆ ಬಂತು, 66ರ ಬ್ಯಾಂಡ್ 14 ಮಿಲಿಮೀಟರಲ್ಲಿ, 29ರದ್ದು 32ರಲ್ಲಿ, 14.3ರದ್ದು 47ರಲ್ಲಿ. ಪ್ರತಿಯೊಂದನ್ನೂ 60ರಿಂದ ಭಾಗಿಸಿದ್ರೆ ಅದರ ಆರ್‌ಎಫ್, ಅದಕ್ಕೆ ಎದುರು ತೂಕದ ಲಾಗ್ ಹಾಕಿ ಗ್ರಾಫ್ ಎಳೆದ್ರೆ ಹೆಚ್ಚುಕಡಿಮೆ ನೇರ ಗೆರೆ:

```
log10(MW) = 2.10 - 1.20 × Rf
```

ಅವಳ ಬ್ಯಾಂಡ್ 27 ಮಿಲಿಮೀಟರ್, ಆರ್‌ಎಫ್ 0.45, ಲಾಗ್ 1.56, ಅಂದ್ರೆ 36 ಕಿಲೋಡಾಲ್ಟನ್. ಸ್ಯಾಂಪಲ್ ಸರಿಯೇ ಇತ್ತು!

ಲ್ಯಾಡರಿನ ಪ್ರೋಟೀನಿಗೆ ಬಣ್ಣ ಗಟ್ಟಿಯಾಗಿ ಅಂಟಿರ್ತದೆ, ಅದರಿಂದ ಅದರ ಓಟವೇ ಬದಲಾಗ್ತದೆ, ಎಷ್ಟು ಬದಲಾಗ್ತದೆ ಅನ್ನುದು ಜೆಲ್ಲು ಬಫರಿನ ಮೇಲೆ ಹೋಗ್ತದೆ. ನಾವು ಗೋಡೆಗೆ ಅಂಟಿಸಿದ್ದ ಚಾರ್ಟ್ ಬಿಸ್-ಟ್ರಿಸ್ ಜೆಲ್ಲಿನದ್ದು, ನಾವು ಕೈಯಲ್ಲಿ ಸುರಿಯುವುದು ಟ್ರಿಸ್-ಗ್ಲೈಸಿನ್. ಈಗ ಹೊಸ ಲಾಟ್ ಬಂದಾಗೆಲ್ಲ ಒಂದು ಸರ್ತಿ ಬಣ್ಣ ಇಲ್ಲದ ಮಾರ್ಕರ್ ಜೊತೆ ಓಡಿಸಿ ನಮ್ಮ ಜೆಲ್ಲಿಗೆ ಯಾವ ಬಣ್ಣ ಎಷ್ಟು ಅಂತ ನಾವೇ ಬರೆದಿಡ್ತೇವೆ.

ಅಳೆಯುವಾಗ ಬಾವಿಯ ಬುಡದಿಂದ ಅಳೀಬೇಡಿ, ಸ್ಟ್ಯಾಕಿಂಗ್ ಮುಗಿದು ರಿಸಾಲ್ವಿಂಗ್ ಶುರುವಾಗುವ ಗೆರೆಯಿಂದ ಅಳೀಬೇಕು. ನೀಲಿ ಡೈ ಡೀಸ್ಟೇನಲ್ಲಿ ತೊಳೆದು ಹೋಗ್ತದೆ, ಹಾಗಾಗಿ ಗ್ಲಾಸ್ ಬಿಚ್ಚಿದ ಕೂಡ್ಲೇ ಫ್ರಂಟ್ ಇರುವಲ್ಲಿ ಜೆಲ್ಲಿಗೆ ಸಣ್ಣ ತಾಮ್ರದ ತಂತಿ ಚುಚ್ಚಿಡಿ, ಸ್ಟೇನ್ ಆಗಿ ಜೆಲ್ ಕುಗ್ಗಿದ್ರೂ ತಂತಿ ಬ್ಯಾಂಡಿನ ಜೊತೆಗೇ ಸರೀತದೆ. ಇಲ್ಲಿಯ ಮೇ ತಿಂಗಳ ಸೆಕೆಗೆ ವೋಲ್ಟೇಜ್ ಏರಿಸಿದ್ರೆ ನಡುವಿನ ಲೇನ್ ಬೇಗ ಓಡಿ ಬದಿಯದ್ದು ಹಿಂದೆ ಉಳೀತದೆ, ಆಗ ಲ್ಯಾಡರ್ ಬದಿಯಲ್ಲಿ ಸ್ಯಾಂಪಲ್ ನಡುವೆ ಇದ್ರೆ ಲೆಕ್ಕವೇ ತಪ್ಪು, ಎರಡನ್ನೂ ಪಕ್ಕಪಕ್ಕ ಹಾಕಿ. ಸಕ್ಕರೆ ಅಂಟಿದ ಪ್ರೋಟೀನಿಗೆ ಇಷ್ಟೆಲ್ಲ ಮಾಡಿದ್ರೂ ತೂಕ ಸರಿ ಬರುದಿಲ್ಲ, ಅದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿಯೇ ಆಗಬೇಕು.

5ಕ್ಕೆ 4 ಸ್ಟಾರ್. ಚಾರ್ಟ್ ಯಾವ ಬಫರಿನದ್ದು ಅಂತ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ಒಂದು ಕಡಿಮೆ ಅದಕ್ಕೆ.