ಮರಳಿ ಹಾಕಿ ಎತ್ತುವುದೋ, ಹಾಕದೆ ಎತ್ತುವುದೋ: ಗೋಲಿ ಮತ್ತು ಇಸ್ಪೀಟಿನಲ್ಲಿ ಕಂಡ ವ್ಯತ್ಯಾಸ

ಕಾರವಾರದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಸಂಭವನೀಯತೆಯ ಪಾಠ ಹೇಳುವ ನಾನು, ಚೀಲದಿಂದ ಚೆಂಡು ಎತ್ತುವ ಲೆಕ್ಕಗಳನ್ನು ಹಲಗೆಯ ಮೇಲೆ ಬರೆಯುವುದಕ್ಕಿಂತ ಕೈಯಿಂದಲೇ ಮಾಡಿಸುವುದು ಒಳ್ಳೆಯದೆಂದು ನಂಬಿದವನು. ಇದಕ್ಕಾಗಿ ಮರದ ಚೆಂಡುಗಳ ಒಂದು ಸೆಟ್ಟು, ಗಾಜಿನ ಗೋಲಿಗಳು, ಕಾಗದದ ಇಸ್ಪೀಟಿನ ಒಂದು ಕಟ್ಟು, ಪ್ಲಾಸ್ಟಿಕ್ಕಿನ ಇನ್ನೊಂದು ಕಟ್ಟು, ಹೀಗೆ ಒಂದೊಂದಾಗಿ ಕೊಂಡೆ. ಎತ್ತಿದ್ದನ್ನು ಪ್ರತಿಸಲವೂ ಮರಳಿ ಹಾಕುವ ವಿಧಾನ, ಎತ್ತಿದ್ದನ್ನು ಹೊರಗೇ ಇಡುವ ವಿಧಾನ, ಈ ಎರಡನ್ನೂ ಇವೆಲ್ಲದರ ಮೇಲೆ ಮಾಡಿ ನೋಡಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗೇ ಇದೆ. ಕೈಯಿಂದ ಮಾಡುವ ಪ್ರಯೋಗಕ್ಕೆ ಮರಳಿ ಹಾಕದಿರುವುದೇ ಸರಿ.

ಮೊದಲು ಲೆಕ್ಕವನ್ನು ನೋಡೋಣ. ಚೀಲದಲ್ಲಿ 10 ಗೋಲಿಗಳಿವೆ; 4 ಕೆಂಪು, 6 ಬಿಳಿ. ಕಣ್ಣು ಮುಚ್ಚಿ 3 ಗೋಲಿ ಎತ್ತಬೇಕು. ಮರಳಿ ಹಾಕುತ್ತ ಹೋದರೆ ಪ್ರತಿಸಲವೂ ಚೀಲ ಮೊದಲಿನಂತೆಯೇ ಇರುವುದರಿಂದ ಕೆಂಪು ಬರುವ ಸಂಭವನೀಯತೆ ಸದಾ 4/10. ಮೂರೂ ಕೆಂಪಾಗುವ ಸಂಭವನೀಯತೆ 0.4ರ ಘನ, ಅಂದರೆ 0.064. ಮರಳಿ ಹಾಕದಿದ್ದರೆ ಮೊದಲನೆಯದು ಕೆಂಪಾಗುವುದಕ್ಕೆ 4/10. ಅದು ಕೆಂಪಾಗಿತ್ತೆಂದಾದರೆ ಚೀಲದಲ್ಲಿ ಉಳಿದ 9ರಲ್ಲಿ 3 ಮಾತ್ರ ಕೆಂಪು, ಆದ್ದರಿಂದ ಎರಡನೆಯದಕ್ಕೆ 3/9. ಅದೂ ಕೆಂಪಾದರೆ ಮೂರನೆಯದಕ್ಕೆ 2/8. ಗುಣಿಸಿದರೆ 24/720, ಅಂದರೆ 1/30, ಸುಮಾರು 0.033. ಎರಡು ವಿಧಾನಗಳ ನಡುವೆ ಹೆಚ್ಚುಕಡಿಮೆ ಇಮ್ಮಡಿಯ ಅಂತರವಿದೆ.

ಮೂರೂ ಬಿಳಿಯಾಗುವ ಇನ್ನೊಂದು ತುದಿಯಲ್ಲೂ ಹೀಗೆಯೇ: ಮರಳಿ ಹಾಕಿದರೆ 0.216, ಹಾಕದಿದ್ದರೆ 1/6. ಮರಳಿ ಹಾಕದಿದ್ದಾಗ ತುದಿಗಳು ಸವೆದು ನಡುವಿನ ಫಲಿತಾಂಶಗಳು ಹೆಚ್ಚುತ್ತವೆ. ಒಂದೇ ಒಂದು ಕೆಂಪು ಬರುವ ಸಂಭವನೀಯತೆ 0.432ರಿಂದ 0.5ಕ್ಕೆ ಏರುತ್ತದೆ. ಸರಾಸರಿಯಾಗಿ ಬರುವ ಕೆಂಪು ಗೋಲಿಗಳ ಸಂಖ್ಯೆ ಮಾತ್ರ ಎರಡರಲ್ಲೂ 1.2. ಹಾಗಾಗಿ ಚೀಲದಲ್ಲಿ ಏನಿದೆಯೆಂದು ಅಂದಾಜು ಮಾಡುವವನಿಗೆ ಎರಡೂ ಸುಳ್ಳು ಹೇಳುವುದಿಲ್ಲ, ಆದರೆ ಮರಳಿ ಹಾಕದ ವಿಧಾನದ ಉತ್ತರ ನಿಜದ ಹತ್ತಿರವೇ ಸುಳಿದಾಡುತ್ತದೆ. ಒಂದೇ ಗೋಲಿಯನ್ನು ಎರಡು ಸಲ ನೋಡಿದರೆ ಹೊಸದೇನೂ ತಿಳಿಯುವುದಿಲ್ಲ, ಹೊರಗಿಟ್ಟರೆ ಪ್ರತಿಸಲವೂ ಹೊಸ ಗೋಲಿಯೇ ಕೈಗೆ ಬರುತ್ತದೆ ಎಂಬುದೇ ಇದರ ಕಾರಣ. ಹತ್ತನ್ನೂ ಎತ್ತಿ ಹೊರಗಿಟ್ಟರೆ ಅಂದಾಜಿನ ಮಾತೇ ಉಳಿಯುವುದಿಲ್ಲ. ಮರಳಿ ಹಾಕುತ್ತ ಹತ್ತು ಸಲ ಎತ್ತಿದವನಿಗೆ ಒಂದು ಕೆಂಪೂ ಕಾಣದೆ ಹೋಗುವ ಸಾಧ್ಯತೆ ಸಣ್ಣದಾದರೂ ಇದ್ದೇ ಇದೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಬೇರೊಂದು ಕಡೆ. "ಸರ್, ಮೊದಲು ಎತ್ತಿದ್ದನ್ನು ನೋಡದೆ ಪಕ್ಕಕ್ಕೆ ಇಟ್ಟರೆ ಎರಡನೆಯದು ಕೆಂಪಾಗೋದಕ್ಕೆ 3/9 ಹಾಕಬೇಕಾ, 4/9 ಹಾಕಬೇಕಾ?" ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಉತ್ತರ ಎರಡೂ ಅಲ್ಲ. ಮೊದಲನೆಯದು ಕೆಂಪಾಗಿ ಎರಡನೆಯದೂ ಕೆಂಪಾಗುವುದು 4/10 × 3/9, ಅಂದರೆ 12/90. ಮೊದಲನೆಯದು ಬಿಳಿಯಾಗಿ ಎರಡನೆಯದು ಕೆಂಪಾಗುವುದು 6/10 × 4/9, ಅಂದರೆ 24/90. ಕೂಡಿದರೆ 36/90, ಮತ್ತೆ ಅದೇ 4/10. ಗೋಲಿಯನ್ನು ಹೊರಗಿಟ್ಟ ಮಾತ್ರಕ್ಕೆ ಸಂಭವನೀಯತೆ ಬದಲಾಗುವುದಿಲ್ಲ, ಅದರ ಬಣ್ಣವನ್ನು ನಾವು ನೋಡಿದಾಗ ಬದಲಾಗುತ್ತದೆ. ಈ ಒಂದು ಸಂಗತಿಯನ್ನು ಕಣ್ಣೆದುರು ತೋರಿಸುವುದು ಮರಳಿ ಹಾಕದ ವಿಧಾನದಿಂದ ಮಾತ್ರ ಸಾಧ್ಯ.

ಮೂರು ಸಲ ಬಿಳಿಯೇ ಬಂದಾಗ "ಇನ್ನು ಕೆಂಪು ಬರಲೇಬೇಕು" ಎಂದು ಎಲ್ಲರಿಗೂ ಅನಿಸುತ್ತದೆ. ಹೊರಗಿಡುವ ವಿಧಾನದಲ್ಲಿ ಆ ಅನಿಸಿಕೆಗೆ ಆಧಾರವಿದೆ: ಉಳಿದ 7ರಲ್ಲಿ 4 ಕೆಂಪು, 7ನೆಯ ಸಲದೊಳಗೆ ಒಂದಾದರೂ ಕೆಂಪು ಬಂದೇ ಬರುತ್ತದೆ. ಮರಳಿ ಹಾಕುವಲ್ಲಿ ಅದು ಬರೀ ಭ್ರಮೆ; ಚೀಲಕ್ಕೆ ನೆನಪಿಲ್ಲ, ಸಂಭವನೀಯತೆ 4/10 ಆಗಿಯೇ ಇರುತ್ತದೆ.

ಇನ್ನು ನನ್ನನ್ನು ಬಹಳ ಕಾಡಿದ ತೊಡಕಿಗೆ ಬರುತ್ತೇನೆ. ಮರಳಿ ಹಾಕುವ ವಿಧಾನದ ಲೆಕ್ಕ ನಿಂತಿರುವುದು ಪ್ರತಿಸಲವೂ ಚೀಲ ಮೊದಲಿನ ಸ್ಥಿತಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ. ಎಣಿಕೆಯ ಮಟ್ಟಿಗೆ ಅದು ಮೊದಲಿನ ಸ್ಥಿತಿಗೆ ಬರುವುದು ನಿಜ, ಆದರೆ ಜಾಗದ ಮಟ್ಟಿಗೆ ಬರುವುದಿಲ್ಲ. ಈಗಷ್ಟೇ ಹಾಕಿದ ಗೋಲಿ ರಾಶಿಯ ಮೇಲ್ಭಾಗದಲ್ಲೇ ಕುಳಿತಿರುತ್ತದೆ. ಅವಸರದಲ್ಲಿ ಚೀಲವನ್ನು ಒಮ್ಮೆ ಅಲ್ಲಾಡಿಸಿ ಕೈ ಹಾಕಿದವನಿಗೆ ಮೊದಲು ಸಿಗುವುದು ಅದೇ. ನಮ್ಮ ಮಳೆಗಾಲದಲ್ಲಿ ಇಸ್ಪೀಟಿನ ಗತಿ ಇದಕ್ಕಿಂತ ಕೆಟ್ಟದು. ಸಮುದ್ರದ ತೇವಕ್ಕೆ ಕಾಗದದ ಎಲೆಗಳು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಷ್ಟು ಕಲೆಸಿದರೂ ಅಂಟಿಕೊಂಡ ಎಲೆಗಳು ಜೊತೆಯಾಗಿಯೇ ಓಡಾಡುತ್ತವೆ, ನಡುವೆ ಸೇರಿಸಿದ ಎಲೆ ಹೋದ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ.

ಈ ದೋಷದಲ್ಲಿ ಅಪಾಯವೇನೆಂದರೆ ಅದು ಒಟ್ಟು ಎಣಿಕೆಯಲ್ಲಿ ಕಾಣಿಸುವುದೇ ಇಲ್ಲ. ಐದರಲ್ಲಿ ಒಂದು ಸಲ ಈಗ ಹಾಕಿದ ಗೋಲಿಯೇ ಮರಳಿ ಕೈಗೆ ಬರುತ್ತದೆ, ಉಳಿದ ಸಲ ಸರಿಯಾಗಿ ಬೆರೆತ ಚೀಲದಿಂದ ಬರುತ್ತದೆ ಎಂದಿಟ್ಟುಕೊಳ್ಳಿ. ದೀರ್ಘಕಾಲದಲ್ಲಿ ಕೆಂಪಿನ ಪಾಲು ಆಗಲೂ 0.4 ಆಗಿಯೇ ಇರುತ್ತದೆ, ಪಟ್ಟಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಸಾಲಾಗಿ ಎರಡು ಕೆಂಪು ಬರುವ ಸಂಭವನೀಯತೆ 0.16 ಇರಬೇಕಾದದ್ದು 0.4 × (0.2 + 0.8 × 0.4), ಅಂದರೆ 0.208 ಆಗಿಬಿಡುತ್ತದೆ. ಒಂದರಿಂದೊಂದು ಸ್ವತಂತ್ರ ಎಂದು ನಾವು ಹಲಗೆಯ ಮೇಲೆ ಬರೆದ ಮಾತು ಮೇಜಿನ ಮೇಲೆ ಸುಳ್ಳಾಗಿರುತ್ತದೆ.

ಇದನ್ನು ಪತ್ತೆ ಹಚ್ಚುವುದಕ್ಕೆ ನಾನು ಗೋಲಿಗಳ ಮೇಲೆ ಮಾರ್ಕರ್ ಪೆನ್ನಿನಿಂದ 1ರಿಂದ 10ರವರೆಗೆ ಸಂಖ್ಯೆ ಬರೆಯುತ್ತೇನೆ. ಚೆನ್ನಾಗಿ ಬೆರೆತಿದ್ದರೆ, ಹಿಂದಿನ ಸಲ ಬಂದ ಅದೇ ಗೋಲಿ ಮತ್ತೆ ಬರುವ ಸಂಭವನೀಯತೆ 1/10. ಆದ್ದರಿಂದ ನೂರು ಸಲ ಎತ್ತಿದರೆ ಅಂಥ ಪುನರಾವರ್ತನೆ ಹತ್ತರ ಸುತ್ತಮುತ್ತ ಕಾಣಬೇಕು. ಆರೇಳು ಬಂದರೂ ಹದಿಮೂರು ಬಂದರೂ ಚಿಂತೆಯಿಲ್ಲ. ಇಪ್ಪತ್ತನ್ನು ದಾಟಿದರೆ ಕಲೆಸುವುದು ಸಾಲದು ಎಂದೇ ಅರ್ಥ. ಮೇಲಿನ ಉದಾಹರಣೆಯ ಕೆಟ್ಟ ಚೀಲದಲ್ಲಿ ಅದು 28ರ ಸುತ್ತ ಇರುತ್ತದೆ. ಬಣ್ಣವನ್ನಷ್ಟೇ ಬರೆದಿಟ್ಟುಕೊಂಡವರಿಗೆ ಈ ಪರೀಕ್ಷೆ ಮಾಡುವ ದಾರಿಯೇ ಇಲ್ಲ.

ಮರಳಿ ಹಾಕದ ವಿಧಾನಕ್ಕೂ ಬೆರೆಸುವುದು ಬೇಕು, ಆದರೆ ಆರಂಭದಲ್ಲಿ ಒಮ್ಮೆ ಮಾತ್ರ. ಒಮ್ಮೆ ಚೆನ್ನಾಗಿ ಕಲೆಸಿದ ಕಟ್ಟಿನಿಂದ ಮೇಲಿನ ಐದು ಎಲೆಗಳನ್ನು ಒಂದೊಂದಾಗಿ ತೆಗೆದರೆ ಸಾಕು, ನಡುವೆ ಮತ್ತೆ ಕಲೆಸಬೇಕಾಗಿಲ್ಲ. ಮರಳಿ ಹಾಕುವುದಾದರೆ ಅದೇ ಐದು ಎಲೆಗಳಿಗೆ ಐದು ಸಲ ಪೂರ್ಣವಾಗಿ ಕಲೆಸಬೇಕು. ಕಟ್ಟನ್ನು ಎರಡು ಪಾಲು ಮಾಡಿ ಎಲೆಗಳನ್ನು ಒಂದರೊಳಗೊಂದು ಸೇರಿಸುವ ರೀತಿಯಲ್ಲಿ 52 ಎಲೆಗಳಿಗೆ ಸುಮಾರು 7 ಸಲ ಕಲೆಸುವುದು ಬೇಕೆಂದು 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ತೋರಿಸಿದರು. ನಮ್ಮಲ್ಲಿ ಹೆಚ್ಚಿನವರು ಮಾಡುವಂತೆ ಕೈಯಿಂದ ಕೈಗೆ ಎಲೆಗಳ ಗುಂಪನ್ನು ಜಾರಿಸುತ್ತ ಕಲೆಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಸಲ ಬೇಕಾಗುತ್ತದೆ. ಒಂದು ಪೀರಿಯಡ್ಡಿನಲ್ಲಿ ಇದನ್ನು ಪ್ರತಿ ಎಲೆಗೂ ಮಾಡಿಸುವುದು ಆಗದ ಮಾತು.

ಒಮ್ಮೆ ಬೆರೆಸಿದರೆ ಸಾಕು ಎಂದರೆ ಹೇಗೋ ಬೆರೆಸಿದರೆ ಸಾಕು ಎಂದಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಯುವಕರನ್ನು ಸೈನ್ಯಕ್ಕೆ ಕರೆಯುವ ಕ್ರಮವನ್ನು ಗೊತ್ತುಮಾಡಲು ವರ್ಷದ 366 ಹುಟ್ಟುದಿನಗಳನ್ನು ಸಣ್ಣ ಡಬ್ಬಿಗಳಲ್ಲಿಟ್ಟು, ಮರಳಿ ಹಾಕದೆ, ಒಂದೊಂದಾಗಿ ಎತ್ತಿದರು. ಡಬ್ಬಿಗಳನ್ನು ತಿಂಗಳ ಕ್ರಮದಲ್ಲಿ ತುಂಬಿ ಸಾಕಷ್ಟು ಬೆರೆಸದೇ ಇದ್ದುದರಿಂದ ವರ್ಷದ ಕೊನೆಯ ತಿಂಗಳುಗಳ ದಿನಗಳು ಬೇಗ ಬಂದುಬಿಟ್ಟವು. ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಅದರ ಬೆಲೆ ಏನಾಗಿತ್ತೆಂದು ವಿವರಿಸಿ ಹೇಳಬೇಕಾಗಿಲ್ಲ. ನಾನು ಕೆಂಪು ಗೋಲಿಗಳನ್ನೆಲ್ಲ ಮೊದಲು, ಬಿಳಿಯನ್ನೆಲ್ಲ ಆಮೇಲೆ ಹಾಕುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಬಿಡಿಸುವುದು ಈ ಕಾರಣಕ್ಕೇ.

ಕೊಂಡ ವಸ್ತುಗಳ ಬಗ್ಗೆ ಎರಡು ಮಾತು. ಪೇಟೆಯ ಅಂಗಡಿಯೊಂದರಿಂದ ತಂದ ಮರದ ಚೆಂಡುಗಳಲ್ಲಿ ಕೆಂಪಿನವಕ್ಕೆ ಬಣ್ಣ ದಪ್ಪವಾಗಿ ಬಳಿದಿದ್ದರು, ನುಣುಪಿನಿಂದಲೇ ಬೆರಳಿಗೆ ಗುರುತು ಸಿಗುತ್ತಿತ್ತು. ಎರಡು ವಿಧಾನಗಳಿಗೂ ಅವು ನಿಷ್ಪ್ರಯೋಜಕ. ಒಂದೇ ಗಾತ್ರದ ಗಾಜಿನ ಗೋಲಿಗಳು ಅದಕ್ಕಿಂತ ಅಗ್ಗ, ಅದಕ್ಕಿಂತ ಉತ್ತಮ.

ಇಸ್ಪೀಟಿನಲ್ಲಿ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಎಕ್ಕಗಳನ್ನು ನೋಡಿ. ಎರಡು ಎಲೆಯೂ ಎಕ್ಕವಾಗುವುದು ಮರಳಿ ಹಾಕಿದರೆ 169ರಲ್ಲಿ 1, ಹಾಕದಿದ್ದರೆ 221ರಲ್ಲಿ 1. ಇಲ್ಲಿ ಅಂತರ ಅಷ್ಟಿಲ್ಲ. ನಾಲ್ಕು ಎಲೆಯೂ ಎಕ್ಕವಾಗುವುದು ಮರಳಿ ಹಾಕಿದರೆ 28,561ರಲ್ಲಿ 1, ಹಾಕದಿದ್ದರೆ 2,70,725ರಲ್ಲಿ 1. ಕಟ್ಟಿನಲ್ಲಿ ಎಕ್ಕಗಳೇ ನಾಲ್ಕು ಇರುವಾಗ ಪ್ರತಿ ಹೆಜ್ಜೆಗೂ ಅವುಗಳ ಪಾಲು ವೇಗವಾಗಿ ಕರಗುತ್ತದೆ. ಎಷ್ಟು ಎತ್ತುತ್ತೇವೆ ಎಂಬುದಕ್ಕಿಂತ, ಇರುವುದರಲ್ಲಿ ಎಷ್ಟು ಪಾಲನ್ನು ಎತ್ತುತ್ತೇವೆ ಎಂಬುದೇ ಇಲ್ಲಿ ಮುಖ್ಯ.

ಇದೇ ಕಾರಣದಿಂದ, ರಾಶಿ ದೊಡ್ಡದಾದಾಗ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಶಿರಸಿಯಲ್ಲಿ ಅಡಿಕೆ ಚೀಲದಿಂದ ನಾಲ್ಕಾರು ಕಾಯಿ ತೆಗೆದು ಕತ್ತರಿಸಿ ಒಳಗಿನ ಗುಣ ನೋಡುವಾಗ, ಕತ್ತರಿಸಿದ್ದನ್ನು ಮರಳಿ ಹಾಕುವ ಪ್ರಶ್ನೆಯೇ ಇಲ್ಲ. ಆದರೆ 10,000 ಕಾಯಿಗಳಲ್ಲಿ 4,000 ಒಂದು ಬಗೆಯವು ಎಂದಾದರೆ ಎರಡನೆಯ ಸಲದ 3,999/9,999 ಎಂಬುದು 0.4ಕ್ಕೆ ಎಷ್ಟು ಹತ್ತಿರವೆಂದರೆ, ಅಲ್ಲಿ ಮರಳಿ ಹಾಕಿದಂತೆಯೇ ಲೆಕ್ಕ ಮಾಡಿ ಕೆಲಸ ಹಗುರ ಮಾಡಿಕೊಳ್ಳುವುದೇ ಜಾಣತನ. ಎತ್ತಿದ್ದು ಒಟ್ಟಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ನಾನು ಹಾಗೆಯೇ ಮಾಡುತ್ತೇನೆ.

ಮರಳಿ ಹಾಕುವುದು ಅನಿವಾರ್ಯವಾದ ಒಂದು ಕೆಲಸವೂ ಇದೆ. ಕೈಯಲ್ಲಿರುವ ಒಂದೇ ಮಾದರಿಯಿಂದ ಮತ್ತೆ ಮತ್ತೆ ಅಷ್ಟೇ ದೊಡ್ಡ ಮಾದರಿಗಳನ್ನು ಎತ್ತಿ ಅಂದಾಜಿನ ಏರಿಳಿತವನ್ನು ಅಳೆಯುವ ಬೂಟ್‌ಸ್ಟ್ರ್ಯಾಪ್ ವಿಧಾನವನ್ನು ಬ್ರಾಡ್ಲಿ ಎಫ್ರಾನ್ 1979ರಲ್ಲಿ ಮುಂದಿಟ್ಟರು. ಅಲ್ಲಿ ಮರಳಿ ಹಾಕದಿದ್ದರೆ ಪ್ರತಿಸಲವೂ ಅದೇ ಮಾದರಿ ಬೇರೆ ಕ್ರಮದಲ್ಲಿ ಬರುತ್ತದೆಯೇ ಹೊರತು ಏನೂ ತಿಳಿಯದು. ಅದು ಕಂಪ್ಯೂಟರಿನ ಕೆಲಸ. ಬೆರೆಸುವ ತೊಡಕು ಅಲ್ಲಿಲ್ಲ. ಪೈಥಾನಿನಲ್ಲಿ ಎರಡೂ ವಿಧಾನಗಳು ಒಂದೊಂದೇ ಸಾಲು:

```
import random
bag = ["R"]*4 + ["W"]*6
random.choices(bag, k=3)
random.sample(bag, 3)
```

ಮೊದಲನೆಯದು ಮರಳಿ ಹಾಕುತ್ತದೆ, ಎರಡನೆಯದು ಹಾಕುವುದಿಲ್ಲ. ಕಂಪ್ಯೂಟರ್ ಲ್ಯಾಬು ಸಿಗುವ ದಿನ ಎರಡನ್ನೂ ಸಾವಿರ ಸಲ ಓಡಿಸಿ 0.064 ಮತ್ತು 0.033ರ ಅಂತರವನ್ನು ತೋರಿಸುತ್ತೇನೆ. ಉಳಿದ ದಿನಗಳಲ್ಲಿ ತರಗತಿಗೆ ಒಯ್ಯುವುದು ಹತ್ತು ಗೋಲಿಗಳ ಚೀಲವನ್ನೇ, ಎತ್ತಿದ್ದು ಮೇಜಿನ ಮೇಲೆಯೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಸ್ಪೀಟು ಬೇಕೇಬೇಕೆಂದಾದರೆ ಸ್ವಲ್ಪ ಹೆಚ್ಚು ಹಣ ಕೊಟ್ಟು ಪ್ಲಾಸ್ಟಿಕ್ ಎಲೆಗಳ ಕಟ್ಟನ್ನೇ ಕೊಳ್ಳಬೇಕು.