‘ರೀಸ್ಟ್ರಕ್ಚರಿಂಗ್’ ಅಂತ ಕಾಗದ ಕೊಟ್ಟರೆ ತಕ್ಷಣ ಸಹಿ ಹಾಕಬೇಡಿ

ಕಾರವಾರದ ಹತ್ತಿರದ ಒಂದು ಮೀನು ಪ್ಯಾಕಿಂಗ್ ಕಂಪನಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಕಂಪನಿ ಹೆಸರು ಬೇಡ. 2023ರ ಮೇನಲ್ಲಿ ಓವರ್‌ಟೈಮ್ ದುಡ್ಡು ಬಾಕಿ ಇದೆ ಅಂತ ನಾವು ನಾಲ್ಕು ಜನ ಅರ್ಜಿ ಕೊಟ್ಟೆವು. ಮೊದಲ ಸಹಿ ನನ್ನದು.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಯಿತು. ಆ ತಿಂಗಳ ಕೊನೆಗೆ ಮ್ಯಾನೇಜರ್ ಕರೆದು, "ಬೋಟ್ ಇಲ್ಲ, ಮೀನಿಲ್ಲ, ರೀಸ್ಟ್ರಕ್ಚರಿಂಗ್ ಆಗ್ತಿದೆ, ನಿಮ್ಮ ಸೀನಿಯರ್ ಸ್ಟೋರ್ ಕೀಪರ್ ಹುದ್ದೆ ತೆಗೆದಿದ್ದೇವೆ" ಎಂದರು. ಜುಲೈನಿಂದ ಹೆಲ್ಪರ್ ಕೆಲಸ, ಸಂಬಳ 24,000ದಿಂದ 19,000. ಕಾಗದದ ಕೊನೆಯಲ್ಲಿ ‘ನನ್ನ ಒಪ್ಪಿಗೆ ಇದೆ’ ಎಂಬ ಸಾಲಿತ್ತು. ಕೆಲಸವೇ ಹೋದೀತು ಅಂತ ಹೆದರಿ ಸಹಿ ಹಾಕಿಬಿಟ್ಟೆ.

ಆಗಸ್ಟ್‌ನಲ್ಲಿ ಬೋಟ್‌ಗಳು ಹೊರಟವು. ನನ್ನ ಕುರ್ಚಿಯಲ್ಲಿ ಹೊಸಬರೊಬ್ಬರು ಬಂದು ಕೂತರು. ಹುದ್ದೆಯ ಹೆಸರು ‘ಸ್ಟೋರ್ಸ್ ಇನ್‌ಚಾರ್ಜ್’. ಆದರೆ ಅದೇ ರಿಜಿಸ್ಟರ್, ಅದೇ ಕೋಲ್ಡ್ ಸ್ಟೋರೇಜ್ ಕೀಲಿ, ಅದೇ ಕೆಲಸ. ಇಡೀ ವಿಭಾಗದಲ್ಲಿ ಕೆಳಗಿಳಿದದ್ದು ನಾನೊಬ್ಬನೇ. ನಿಜವಾಗಿ ಹುದ್ದೆ ಹೋಗಿದ್ದರೆ ಆ ಕೆಲಸವೂ ಹೋಗಬೇಕು ಅಥವಾ ಇದ್ದವರಿಗೇ ಹಂಚಿಕೆಯಾಗಬೇಕು, ಅಲ್ವಾ? ಇದು ಶಿಕ್ಷೆಯೇ. ಶಿಕ್ಷೆ ಕೊಡೋದಾದರೆ ತಪ್ಪೇನೆಂದು ಬರೆದು ಕೊಟ್ಟು, ಉತ್ತರ ಕೇಳಿ, ವಿಚಾರಣೆ ಮಾಡಬೇಕಿತ್ತು. ಅದನ್ನೆಲ್ಲ ತಪ್ಪಿಸಲಿಕ್ಕೆ ಈ ಹೆಸರು.

ಆಮೇಲೆ ಗೊತ್ತಾಯಿತು, ಕಾರ್ಮಿಕರ ಸಂಬಳ, ಗ್ರೇಡ್ ಬದಲಾಯಿಸುವ ಮೊದಲು 21 ದಿನದ ನೋಟಿಸ್ ಕೊಡಲೇಬೇಕು. ಆಗ ಅದು ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂನಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 40ನೇ ಕಲಂ. ಮ್ಯಾನೇಜರ್ ದರ್ಜೆಯವರಿಗೆ ಇದು ಸಿಗುವುದಿಲ್ಲ. ಆದರೆ ಕಾರ್ಡಿನಲ್ಲಿ ಏನು ಬರೆದಿದೆ ಅನ್ನೋದಕ್ಕಿಂತ ನಿಜವಾಗಿ ಏನು ಕೆಲಸ ಮಾಡುತ್ತೀರಿ ಅನ್ನೋದೇ ಮುಖ್ಯ.

ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕೆಲಸದಿಂದ ತೆಗೆದರೆ ಒಬ್ಬರೇ ವಿವಾದ ಎತ್ತಬಹುದು, ಹಿಂಬಡ್ತಿಗೆ ಹಾಗಿಲ್ಲ. ಯೂನಿಯನ್ನೋ ಸಾಕಷ್ಟು ಸಹೋದ್ಯೋಗಿಗಳೋ ಬೆನ್ನಿಗೆ ನಿಲ್ಲಬೇಕು. ಕಾರ್ಮಿಕ ಅಧಿಕಾರಿಯ ಕಚೇರಿಗೆ ಒಬ್ಬನೇ ಹೋಗಿ ಎರಡು ಸಲ ವಾಪಸ್ ಬಂದೆ. ಕೊನೆಗೆ ಪ್ಯಾಕಿಂಗ್ ವಿಭಾಗದ ಅಕ್ಕಂದಿರು ಸಹಿ ಹಾಕಿಕೊಟ್ಟರು, ಅವರಿಗೆ ನಾನು ಜನ್ಮಪೂರ್ತಿ ಋಣಿ. ಸಂಧಾನಕ್ಕೆ ಕರೆಸಿದಾಗ ಹೊಸಬರ ನೇಮಕಾತಿ ದಿನಾಂಕ ಮೇಜಿನ ಮೇಲೆ ಬಂತು, ಕಂಪನಿಯವರ ಬಾಯಿ ಕಟ್ಟಿತು.

ಜನವರಿಯಿಂದ ಹಳೇ ಹುದ್ದೆ, ಹಳೇ ಸಂಬಳ ಸಿಕ್ಕಿತು. ಆರು ತಿಂಗಳ 30,000 ಮಾತ್ರ ಸಿಗಲಿಲ್ಲ. "ಒಪ್ಪಿ ಸಹಿ ಹಾಕಿದ್ದಾರಲ್ಲ" ಅಂತ ಅದೇ ಕಾಗದ ತೋರಿಸಿ ಹಟ ಹಿಡಿದರು, ಕೋರ್ಟಿಗೆ ಅಲೆಯುವ ಶಕ್ತಿ ಇಲ್ಲದೆ ರಾಜಿಯಲ್ಲಿ ಅದನ್ನು ಬಿಟ್ಟುಕೊಟ್ಟೆ. ಅಂಥ ಕಾಗದ ಬಂದರೆ ‘ತಲುಪಿದೆ, ಒಪ್ಪಿಗೆ ಇಲ್ಲ’ ಎಂದು ಬರೆದು, ದಿನಾಂಕ ಹಾಕಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಷ್ಟು ಮಾಡಿದ್ದರೆ ಆ ದುಡ್ಡಿಗೆ ಗಟ್ಟಿಯಾಗಿ ಕೇಳಬಹುದಿತ್ತು.