ಆಫರ್ ಲೆಟರ್‌ನ ಮಸುಕಾದ ಸಾಲುಗಳು: ತಮ್ಮನ ಕೈತಪ್ಪಿದ 72 ಸಾವಿರ

ಹೊಸ ಕೆಲಸದ ಆಫರ್ ಲೆಟರ್ ಕೈಯಲ್ಲಿದ್ದು ಇನ್ನೂ ಸಹಿ ಹಾಕದವರು ಇದನ್ನು ಓದಿ. ನನ್ನ ತಮ್ಮನಿಗೆ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಆಗಿದ್ದು ಇದು. ಕಂಪನಿಯ ಹೆಸರು ಬೇಡ. ಅವರು ಪತ್ರ ಮೀರಿ ಏನೂ ಮಾಡಲಿಲ್ಲ. ಪತ್ರದಲ್ಲಿ ಇದ್ದದ್ದೇ ನಡೆಯಿತು, ಸಿಟ್ಟು ಬರುವುದೂ ಅದಕ್ಕೇ.

ಮೊದಲ ಪುಟದಲ್ಲಿ ಸಿಟಿಸಿ ವರ್ಷಕ್ಕೆ 7,20,000 ಅಂತ ದಪ್ಪ ಅಕ್ಷರದಲ್ಲಿತ್ತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 60,000. ಖಾತೆಗೆ ಬಂದದ್ದು 44,400 ಚಿಲ್ಲರೆ. ಲೆಕ್ಕ ನೋಡಿ. ಬೇಸಿಕ್ ತಿಂಗಳಿಗೆ 30,000. ಕಂಪನಿ ಕಟ್ಟುವ ಪಿಎಫ್ ಅದರ 12%, ಅಂದರೆ ವರ್ಷಕ್ಕೆ 43,200. ಗ್ರಾಚ್ಯುಟಿ ಬೇಸಿಕ್‌ನ 4.81%, ಸುಮಾರು 17,300. ಇನ್ಶೂರೆನ್ಸ್ 9,000. ವೇರಿಯಬಲ್ ಪೇ 72,000. ಬೇಸಿಕ್ ಬಿಟ್ಟು ಈ ನಾಲ್ಕೂ ಸಿಟಿಸಿ ಒಳಗೇ ಇವೆ, ಆದರೆ ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಉಳಿದದ್ದು ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೊಯನ್ಸ್ ಎಲ್ಲ ಸೇರಿ ತಿಂಗಳಿಗೆ 48,200. ಅದರಲ್ಲೂ ಅವನ ಪಾಲಿನ ಪಿಎಫ್ 3,600 ಮತ್ತು ಪ್ರೊಫೆಷನಲ್ ಟ್ಯಾಕ್ಸ್ 200 ಕಡಿತ. ಗ್ರಾಚ್ಯುಟಿಯಂತೂ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೇ ಸಿಗುವ ಹಣ. ಎರಡೇ ವರ್ಷಕ್ಕೆ ಬಿಡುವವನಿಗೆ ಅದು ಕಾಗದದ ಮೇಲಿನ ಅಂಕಿ ಅಷ್ಟೇ.

ಇದು ಎಲ್ಲ ಕಡೆ ಇರುವ ಕಥೆ ಬಿಡಿ. ನಿಜವಾದ ಏಟು ಬಿದ್ದದ್ದು ಆ 72,000ದಲ್ಲಿ. ವೇರಿಯಬಲ್ ಬಗ್ಗೆ ಅನೆಕ್ಶರ್‌ನಲ್ಲಿ ಒಂದೇ ಸಾಲು: ‘ಕನ್ಫರ್ಮ್ ಆದ ಉದ್ಯೋಗಿಗಳಿಗೆ, ಕಂಪನಿಯ ನೀತಿಯಂತೆ.’ ಮೂರು ಪುಟ ಬಿಟ್ಟು ಪ್ರೊಬೇಷನ್ ಬಗ್ಗೆ ಇನ್ನೊಂದು: ‘ಆರು ತಿಂಗಳು, ಅಗತ್ಯವಿದ್ದರೆ ವಿಸ್ತರಿಸಬಹುದು. ಲಿಖಿತವಾಗಿ ತಿಳಿಸುವವರೆಗೆ ಕನ್ಫರ್ಮ್ ಆದಂತಲ್ಲ.’ ಒಂದೊಂದನ್ನೇ ಓದಿದರೆ ಎರಡೂ ಸಭ್ಯವಾಗಿಯೇ ಇವೆ, ಅಲ್ವಾ? ಆರು ತಿಂಗಳು ಮುಗಿಯಿತು, ಯಾರೂ ಏನೂ ಹೇಳಲಿಲ್ಲ. ಮ್ಯಾನೇಜರ್ ‘ನಿನ್ನ ಕೆಲಸ ಚೆನ್ನಾಗಿದೆ’ ಅನ್ನುತ್ತಲೇ ಇದ್ದರು. ವೇರಿಯಬಲ್ ಕೊಡುವ ತಿಂಗಳು ಬಂದಾಗ ಪಟ್ಟಿಯಲ್ಲಿ ಇವನ ಹೆಸರಿಲ್ಲ. ಎಚ್‌ಆರ್ ಉತ್ತರ: ‘ನಿಮ್ಮ ಕನ್ಫರ್ಮೇಷನ್ ಲೆಟರ್ ಇಶ್ಯೂ ಆಗಿಲ್ಲವಲ್ಲ.’ ಲೆಟರ್ ಕೊಡಬೇಕಾದವರೂ ಅವರೇ!

ಸೇರುವ ಮೊದಲು ಫೋನಿನಲ್ಲಿ ಇದೇ ಎಚ್‌ಆರ್ ‘ಆರು ತಿಂಗಳಿಗೆ ಆಟೋಮ್ಯಾಟಿಕ್ ಕನ್ಫರ್ಮ್, ಅದೆಲ್ಲ ಫಾರ್ಮಾಲಿಟಿ’ ಅಂದಿದ್ದರು. ಕೊನೆಯ ಪುಟದಲ್ಲಿ ಮಾತ್ರ ‘ಹಿಂದಿನ ಎಲ್ಲ ಮಾತುಕತೆಗಳ ಬದಲು ಈ ಪತ್ರವೇ ಅಂತಿಮ’ ಅಂತ ಇತ್ತು. ನಿಮ್ಮ ಪತ್ರದಲ್ಲೂ ಆ ಸಾಲು ಹುಡುಕಿ. ಅದು ಇದ್ದರೆ ಫೋನಿನ ಮಾತನ್ನು ಸುಮ್ನೆ ನಂಬಿ ಕೂರಬೇಡಿ.

ಮುಂದಿನ ಕೆಲಸಕ್ಕೆ ಆಫರ್ ಬಂದಾಗ ನಾವಿಬ್ಬರೂ ಕೂತು ಎಚ್‌ಆರ್‌ಗೆ ಮೇಲ್ ಬರೆದೆವು. ಜಗಳದ ಧಾಟಿ ಇಲ್ಲ, ‘ಈ ಸಾಲುಗಳನ್ನು ಹೀಗೆ ತಿದ್ದಿ ಪತ್ರ ಮತ್ತೆ ಕಳಿಸಬಹುದೇ’ ಅಂತ ಅಷ್ಟೇ. ಸಂಬಳಕ್ಕೆ: ಪ್ರತಿ ಅಂಶದ ಪಕ್ಕ ತಿಂಗಳ ಮೊತ್ತ, ವರ್ಷದ ಮೊತ್ತ, ಯಾವಾಗ ಕೊಡುತ್ತಾರೆ ಅನ್ನುವ ಮೂರು ಕಾಲಂ. ವೇರಿಯಬಲ್‌ಗೆ: ಸೇರಿದ ದಿನದಿಂದಲೇ ಲೆಕ್ಕ, ವರ್ಷದ ನಡುವೆ ಸೇರಿದರೆ ಅಷ್ಟು ತಿಂಗಳ ಪಾಲು, ಕೊಡುವ ತಿಂಗಳು ಯಾವುದು. ಪ್ರೊಬೇಷನ್‌ಗೆ: ‘ಆರು ತಿಂಗಳು. ವಿಸ್ತರಿಸುವುದಾದರೆ ಒಮ್ಮೆ ಮಾತ್ರ, ಗರಿಷ್ಠ ಮೂರು ತಿಂಗಳು, ಅವಧಿ ಮುಗಿಯುವ ಮೊದಲೇ ಕಾರಣದೊಂದಿಗೆ ಲಿಖಿತವಾಗಿ. ಹಾಗೆ ತಿಳಿಸದಿದ್ದರೆ ಮರುದಿನದಿಂದ ಕನ್ಫರ್ಮ್.’ ಈ ಕೊನೆಯ ವಾಕ್ಯವೇ ಮುಖ್ಯ. ಅದಿಲ್ಲದೆ ಬರೀ ‘ಆರು ತಿಂಗಳು’ ಅಂತಿದ್ದರೆ, ಅವರು ಸುಮ್ಮನಿದ್ದಷ್ಟು ದಿನ ನೀವು ಪ್ರೊಬೇಷನ್‌ನಲ್ಲೇ ಅಂತ ವಾದಿಸಲು ಅವರಿಗೆ ದಾರಿ ಇರುತ್ತದೆ.

ಸೇರುವ ಷರತ್ತುಗಳಲ್ಲಿ ಎರಡು ಕಡೆ ಕೈಹಾಕಿದೆವು. ‘ಸೇರುವ ದಿನ ರಿಲೀವಿಂಗ್ ಲೆಟರ್ ಕೊಡಬೇಕು’ ಅಂತಿತ್ತು. ಎಷ್ಟೋ ಕಂಪನಿಗಳು ಅದನ್ನು ಕೆಲಸ ಬಿಟ್ಟು ವಾರಗಳಾದ ಮೇಲೆ ಕೊಡುತ್ತವೆ. ಹಾಗಾಗಿ ‘ಸೇರುವ ದಿನ ರಾಜೀನಾಮೆ ಒಪ್ಪಿದ ಮೇಲ್ ಸಾಕು, ರಿಲೀವಿಂಗ್ ಲೆಟರ್‌ಗೆ 45 ದಿನ’ ಅಂತ ಕೇಳಿದೆವು. ಇನ್ನೊಂದು, ‘ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ತೃಪ್ತಿಕರವಾಗಿದ್ದರೆ ಮಾತ್ರ.’ ಯಾವಾಗ ಮುಗಿಯುತ್ತದೆ ಅನ್ನುವ ಸುಳಿವೇ ಇಲ್ಲ. ಓದು ಮತ್ತು ಹಳೆಯ ಕೆಲಸಗಳ ತಪಾಸಣೆ ಸೇರುವ ಮೊದಲೇ ಮುಗಿಸಿ ಅಂದೆವು. ಈಗಿನ ಕಂಪನಿಯ ತಪಾಸಣೆ ಮಾತ್ರ ಆಮೇಲೆ.

ಎಲ್ಲವನ್ನೂ ಒಪ್ಪಲಿಲ್ಲ. 90 ದಿನದ ನೋಟಿಸ್ ಕಡಿಮೆ ಮಾಡಿ ಅಂದದ್ದಕ್ಕೆ ಸಾರಾಸಗಟಾಗಿ ಇಲ್ಲ ಅಂದರು. ಪ್ರೊಬೇಷನ್ ಸಾಲು, ವೇರಿಯಬಲ್ ಸಾಲು, 45 ದಿನ ಇವಿಷ್ಟು ಒಪ್ಪಿದರು. ಮೊದಲು ‘ಕನ್ಫರ್ಮ್ಡ್’ ಅಂತ ಬರೀ ಮೇಲ್ ಬಂತು. ಪತ್ರದಲ್ಲೇ ಬೇಕು ಅಂದ ಮೇಲೆ ಹೊಸ ದಿನಾಂಕದ ಪತ್ರ ಬಂತು, ‘ಹಿಂದಿನ ಆಫರ್ ಲೆಟರ್ ರದ್ದು’ ಅನ್ನುವ ಸಾಲಿನೊಂದಿಗೆ. ಅದು ಬಂದ ಮೇಲೇ ಅವನು ಹಳೇ ಕಡೆ ರಾಜೀನಾಮೆ ಕೊಟ್ಟಿದ್ದು.

ಇಷ್ಟಾದರೂ ಸೇರಿದ ದಿನ ಸಹಿಗೆ ಇಟ್ಟ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಪ್ರೊಬೇಷನ್ ಬಗ್ಗೆ ಹಳೇ ಟೆಂಪ್ಲೇಟ್‌ನ ಸಾಲೇ ಇತ್ತು. ಆಫರ್ ಲೆಟರ್ ಪಕ್ಕಕ್ಕಿಟ್ಟು ಸಾಲುಸಾಲು ಹೋಲಿಸಿದ್ದಕ್ಕೆ ಸಿಕ್ಕಿತು. ತೋರಿಸಿದ ಮೇಲೆ ಅರ್ಧ ಗಂಟೆಯಲ್ಲಿ ತಿದ್ದಿ ಕೊಟ್ಟರು.